ಕಡಲೆಬೀಜದ ಪೊಟ್ಟಣದ ತ್ರಿಜ್ಯ

ವಿಜಯನಗರದ ನಮ್ಮ ಮಹಡಿ ಕೋಣೆಯಲ್ಲಿ ನಾನು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಒಂದು ಸಂಜೆಯ ಲೆಕ್ಕ ಹೀಗಿತ್ತು: ತುದಿ ಕೆಳಗಿರುವ, ತ್ರಿಜ್ಯ ಎತ್ತರದ ಅರ್ಧದಷ್ಟಿರುವ ಶಂಕುವಿನಾಕಾರದ ತೊಟ್ಟಿಯಿಂದ ಒಂದೇ ವೇಗದಲ್ಲಿ ನೀರು ಹೊರಹೋಗುತ್ತಿದೆ, ಮಟ್ಟ ಎಷ್ಟು ಬೇಗ ಇಳಿಯುತ್ತದೆ? ಒಬ್ಬ ಹುಡುಗಿ ಆ ಕ್ಷಣದ ತ್ರಿಜ್ಯವನ್ನು ಮೊದಲೇ ಸೂತ್ರಕ್ಕೆ ತುಂಬಿ, ಆಮೇಲೆ ಅವಕಲನ, ಅಂದರೆ ಡಿಫರೆನ್ಶಿಯೇಷನ್, ಮಾಡಿದಳು. ಉತ್ತರ ಮೂರು ಪಟ್ಟಾಯಿತು.

ನನಗೆ ರೇಗಿತು. ಅವಳ ಕೈಲಿದ್ದ, ಕಾಗದವನ್ನು ಶಂಕುವಿನಂತೆ ಸುತ್ತಿದ ಕಡಲೆಬೀಜದ ಪೊಟ್ಟಣ ಕಿತ್ತುಕೊಂಡು ಎಲ್ಲರಿಗೂ ಒಂದೊಂದು ಹಿಡಿ ಹಂಚತೊಡಗಿದೆ.

"ಮಿಸ್, ನನ್ನ ಕಡಲೆಬೀಜ!"

"ಬೀಜದ ಮಟ್ಟ ನೋಡೇ. ಅಗಲ ಹಾಗೇ ಇದ್ಯಾ?"

ಅವಳು ಬಗ್ಗಿ ನೋಡಿದಳು. "ಇಲ್ಲ ಮಿಸ್, ಎತ್ತರದ ಜೊತೆ ಅದೂ ಕಮ್ಮಿ ಆಗ್ತಿದೆ!"

ಕೂಡಲೇ ಸಮರೂಪ ತ್ರಿಭುಜ ಬರೆದು, ತ್ರಿಜ್ಯದ ಜಾಗಕ್ಕೆ ಎತ್ತರದ ಅರ್ಧ ಹಾಕಿ, ಆಮೇಲೆ ಅವಕಲನ ಮಾಡಿದಳು. ಉತ್ತರ ಸರಿಯಾಗಿತ್ತು.

ಖುಷಿಯಲ್ಲಿ ನಾನು ಮತ್ತೊಂದು ಹಿಡಿ ತೆಗೆಯಹೋದೆ. ಅವಳು ಕೈ ಹಿಡಿದಳು.

"ಬೇಡ ಮಿಸ್! ಕೆಳಗೆ ಬಂದಷ್ಟೂ ಮಟ್ಟ ಬೇಗ ಇಳಿಯತ್ತೆ!"