ಪ್ಲಗ್ ಕೀಳಬೇಡಿ ಎಂದವಳು ನಾನು

ನಮ್ಮ ಲ್ಯಾಬ್ ಸಹಾಯಕರು ಸಾಯುವುದನ್ನು ನಾನು ನೋಡಬೇಕಾಗುತ್ತಿತ್ತು. ಅವರು ಉಳಿದರು. ಆದರೂ ನನ್ನ ತಲೆಯೊಳಗೆ ಆ ಬೆಳಗ್ಗೆ ಇನ್ನೂ ಮುಗಿದಿಲ್ಲ. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗ, ತರಕಾರಿ ಹೆಚ್ಚುವಾಗ, ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೂ ಅವರ ಎಡಗೈ ಕಿಟಕಿಯ ಸರಳನ್ನು ಹಿಡಿದುಕೊಂಡಿರುವುದು ಕಾಣುತ್ತದೆ. ಹಿಡಿದುಕೊಂಡಿದ್ದರು ಅನ್ನುವುದೂ ತಪ್ಪು. ಬಿಡಲು ಅವರ ಕೈಯಲ್ಲಿ ಆಗುತ್ತಿರಲಿಲ್ಲ.

ಸೊರಬದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಬಿಸಿಎ ವಿದ್ಯಾರ್ಥಿಗಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕಿ. ಸಹಾಯಕರು ಕುಪ್ಪಗಡ್ಡೆಯವರು, ನಲವತ್ತು ದಾಟಿದವರು, ಹದಿನೈದು ವರ್ಷದಿಂದ ಅದೇ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ಲ್ಯಾಬಿನಲ್ಲಿ ಇಪ್ಪತ್ತು ಹಳೆಯ ಡೆಸ್ಕ್‌ಟಾಪ್‌ಗಳು. ಒಳಗೆ ಧೂಳು ಬರಬಾರದೆಂದು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಇದು ಅವರೇ ಮಾಡಿದ ಕಟ್ಟುನಿಟ್ಟು. ಬರಿಗಾಲಲ್ಲಿ ನಿಂತು ಕಂಪ್ಯೂಟರಿನ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಬೆರಳಿಗೆ ಜುಮ್ ಅನ್ನುತ್ತಿತ್ತು. ಮಳೆಗಾಲದಲ್ಲಿ ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಹೊಸ ಮಕ್ಕಳು ಕೈ ಹಿಂದೆಗೆದುಕೊಂಡರೆ ಹಳಬರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಹಾಗೆ ಜುಮ್ಮೆನ್ನುವುದು ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಇಲ್ಲದ್ದರ ಗುರುತು ಎಂದು ನಾನು ಪುಸ್ತಕದಲ್ಲಿ ಓದಿದವಳು.

ಅಂದು ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಪರೀಕ್ಷೆ. ಹೊರಗಿನ ಪರೀಕ್ಷಕರು ಪ್ರಾಂಶುಪಾಲರ ಕೋಣೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದರು. ಮೂರು ಗಂಟೆಯ ಬಸ್ಸಿಗೆ ಹೋಗಲೇಬೇಕೆಂದು ಬಂದ ಕೂಡಲೇ ಹೇಳಿಬಿಟ್ಟಿದ್ದರು. ಪಟ್ಟಿಯಲ್ಲಿ ಮೊದಲ ಹೆಸರು ಕುರಿ ಸಾಕುವ ಮನೆಯ ಹುಡುಗಿಯೊಬ್ಬಳದು. ಶಿಕಾರಿಪುರ ಕಡೆಯ ಹಳ್ಳಿಯವಳು, ನಾನು ಬರುವ ಬಸ್ಸಿನಲ್ಲೇ ಬರುತ್ತಿದ್ದಳು. ಯಾವ ಕುರಿಗೆ ಯಾವಾಗ ಲಸಿಕೆ ಹಾಕಿಸಬೇಕು, ಜಂತಿನ ಔಷಧ ಯಾವಾಗ ಕುಡಿಸಬೇಕು ಎಂದು ನೆನಪಿಸುವ ಮೊಬೈಲ್ ಆ್ಯಪ್ ಮಾಡಿದ್ದಳು. ಪರೀಕ್ಷೆಯ ಕೋಣೆಗೆ ಮೊಬೈಲ್ ತರುವಂತಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲೇ ಒಂದು ಆಂಡ್ರಾಯ್ಡ್ ಫೋನಿನಂತೆ ನಡೆಯುವ ಎಮ್ಯುಲೇಟರ್ ತೆರೆದು ಅದರಲ್ಲಿ ತೋರಿಸಬೇಕು. ರಜೆಗೆ ಮುಂಚೆ ಹತ್ತಾರು ಸಲ ತೋರಿಸಿದ್ದಳು.

ಅವತ್ತು ಎಮ್ಯುಲೇಟರ್ ತೆರೆಯಲಿಲ್ಲ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆಫ್ ಆಗಿದೆ ಎಂಬ ಸಂದೇಶ ಬಂತು. ಪಕ್ಕದ ಸಿಸ್ಟಮ್‌ನಲ್ಲೂ ಅದೇ, ಅದರಾಚೆಯದರಲ್ಲೂ ಅದೇ.

ಕಾರಣ ನನಗೆ ಹತ್ತೇ ನಿಮಿಷದಲ್ಲಿ ಹೊಳೆಯಿತು, ಆ ಬಗ್ಗೆ ಸಣ್ಣದೊಂದು ಜಂಬವೂ ಆಯಿತು. ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಯಂತ್ರವನ್ನು ನಡೆಸಲು ಪ್ರೊಸೆಸರ್ ಅವಕಾಶ ಕೊಡಬೇಕು. ಆ ಅವಕಾಶದ ಸ್ವಿಚ್ಚು ವಿಂಡೋಸ್‌ನಲ್ಲಿ ಇರುವುದಿಲ್ಲ; ಅದಕ್ಕೂ ಮುಂಚೆ, ಕಂಪ್ಯೂಟರ್ ಏಳುವ ಹೊತ್ತಿನಲ್ಲಿ ತೆರೆದುಕೊಳ್ಳುವ ಬಯಾಸ್‌ನಲ್ಲಿ ಇರುತ್ತದೆ. ನಮ್ಮ ಬೋರ್ಡುಗಳು ಕಾರ್ಖಾನೆಯಿಂದ ಬರುವಾಗಲೇ ಅದು ಆಫ್. ಹಿಂದಿನ ವರ್ಷ ನಾವಿಬ್ಬರೂ ಕೂತು ಇಪ್ಪತ್ತರಲ್ಲೂ ಆನ್ ಮಾಡಿದ್ದೆವು. ಕರೆಂಟ್ ಇಲ್ಲದಾಗ ಆ ಸೆಟ್ಟಿಂಗನ್ನು ಕಾಪಾಡುವುದು ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಣ್ಣ ಸೆಲ್ಲು. ಆ ಸೆಲ್ಲುಗಳೆಲ್ಲ ಮುದಿಯಾಗಿದ್ದವು. ಗುಡುಗು ಸಿಡಿಲಿನ ತಿಂಗಳೆಂದು ರಜೆಯಲ್ಲಿ ಎಲ್ಲ ಪ್ಲಗ್‌ಗಳನ್ನೂ ಕಿತ್ತಿಟ್ಟಿದ್ದರು. ಸೆಟ್ಟಿಂಗ್ ಮರೆತವು ಒಂದಲ್ಲ, ಇಪ್ಪತ್ತೂ. ಬೆಳಗ್ಗೆ ಆನ್ ಮಾಡುವಾಗ ಸೆಟ್ಟಿಂಗ್ ಹೋಗಿದೆ, ತಾರೀಖು ತಪ್ಪಿದೆ ಎಂದು ಪ್ರತಿ ಪರದೆಯೂ ದೂರಿತ್ತಂತೆ. ಸಹಾಯಕರು ಎಫ್‌ಒನ್ ಒತ್ತಿ ಒತ್ತಿ ಮುಂದೆ ಹೋಗಿದ್ದರು. "ದಿನಾ ಏನಾದ್ರೂ ಅಂತಾವೆ ಮೇಡಂ, ಎಲ್ಲದ್ಕೂ ಕಿವಿ ಕೊಟ್ರೆ ಕೆಲ್ಸ ಸಾಗಲ್ಲ" ಎಂದರು.

ಕಿಟಕಿಯ ಪಕ್ಕದ ಸಿಸ್ಟಮ್ ಅನ್ನು ರೀಸ್ಟಾರ್ಟ್ ಮಾಡಿ, ಡಿಲೀಟ್ ಕೀ ಒತ್ತುತ್ತ ಬಯಾಸ್‌ಗೆ ಹೋದೆವು. ವರ್ಚುವಲೈಸೇಶನ್ ಆನ್ ಮಾಡಿದೆವು, ತಾರೀಖು ಸರಿಮಾಡಿದೆವು, ಸೇವ್ ಮಾಡಿ ಹೊರಬಂದೆವು. ಎಮ್ಯುಲೇಟರ್ ಎದ್ದಿತು. ಪರದೆಯ ಮೇಲೆ ಅವಳ ಕುರಿಯ ಚಿತ್ರ ಬಂತು. ಪರೀಕ್ಷಕರನ್ನು ಕರೆತರಲು ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಕೆಟ್ಟು ಯಾವ ಕಾಲವಾಗಿತ್ತೋ. ಐದು ನಿಮಿಷಕ್ಕೆ ಕರೆಂಟ್ ಬಂತು, ಸೆಟ್ಟಿಂಗ್ ಬರಲಿಲ್ಲ. ತಾರೀಖು ಮತ್ತೆ ಹಳೆಯದು, ಎಮ್ಯುಲೇಟರಿನ ಬಾಯಲ್ಲಿ ಮತ್ತೆ ಅದೇ ಮಾತು. ಮತ್ತೆ ಬಯಾಸ್‌ಗೆ ಹೋಗಿ ಆನ್ ಮಾಡಿದೆವು.

ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಏನು ಗತಿ ಎಂದು ಹುಡುಗಿ ಕೇಳಿದಳು. ಸಹಾಯಕರು ಬಸ್ ಸ್ಟ್ಯಾಂಡಿನ ಹತ್ತಿರದ ವಾಚ್ ರಿಪೇರಿ ಅಂಗಡಿಗೆ ಹೋಗಿ ಒಂದು ಸೆಲ್ಲು ತಂದರು. ಕಂಪ್ಯೂಟರನ್ನು ಶಟ್‌ಡೌನ್ ಮಾಡಿ, ಪೆಟ್ಟಿಗೆಯನ್ನು ಮೇಜಿನ ಕೆಳಗಿನಿಂದ ಎಳೆದು, ಪಕ್ಕದ ತಗಡು ಬಿಚ್ಚಿದರು. ಆಮೇಲೆ ಪ್ಲಗ್ ಕೀಳಲು ಕೈ ಚಾಚಿದರು. ಹದಿನೈದು ವರ್ಷದ ಅಭ್ಯಾಸ ಅದು.

ನಾನು ತಡೆದೆ. "ಪ್ಲಗ್ ಕೀಳಬೇಡಿ, ಮತ್ತೆ ಸೆಟ್ಟಿಂಗ್ ಹೋಗುತ್ತೆ. ಹಾಗೇ ಸೆಲ್ ಬದಲಾಯಿಸಿ" ಎಂದೆ.

"ಕರೆಂಟ್ ಇಟ್ಕಂಡೇನಾ?"

"ಆಫ್ ಆಗಿದ್ದರೂ ಪ್ಲಗ್ ಇದ್ದರೆ ಬೋರ್ಡಿಗೆ ಸಣ್ಣ ವೋಲ್ಟೇಜ್ ಇರುತ್ತೆ. ಅದು ಸೆಟ್ಟಿಂಗ್ ಹಿಡಿದಿಡುತ್ತೆ. ಐದು ವೋಲ್ಟ್, ಏನೂ ಆಗಲ್ಲ."

"ಓದಿದೋರು ನೀವು ಹೇಳಿದ್ ಮೇಲೆ ಇನ್ನೇನು" ಎಂದು ನಕ್ಕರು.

ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಈಗಲೂ ಯಾರನ್ನು ಕೇಳಿದರೂ ಸರಿ ಎನ್ನುತ್ತಾರೆ. ಬೋರ್ಡಿನ ಬಗ್ಗೆ ಮಾತ್ರ ಸರಿ. ಆ ಬೋರ್ಡಿನ ಪಕ್ಕದಲ್ಲಿ ಗೋಡೆಯ ಕರೆಂಟ್ ನೇರವಾಗಿ ಬರುವ ಪವರ್ ಸಪ್ಲೈ ಡಬ್ಬಿ ಇದೆ, ಅದು ಹಳೆಯದು, ಈ ಮನುಷ್ಯ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಕೂತಿದ್ದಾರೆ, ಇವು ನನ್ನ ಲೆಕ್ಕದಲ್ಲಿ ಬರಲಿಲ್ಲ. ಆ ಬೆಳಗ್ಗೆಯಷ್ಟೇ ನೆಲ ಒರೆಸಿದ್ದರು, ತೇವ ಇನ್ನೂ ಆರಿರಲಿಲ್ಲ.

ಒಳಗೆ ಬೆಳಕು ಸಾಲದೆಂದು ಅವರು ಪೆಟ್ಟಿಗೆಯನ್ನು ಕಿಟಕಿಯ ಕಡೆ ವಾಲಿಸಿದರು. ಆಯ ತಪ್ಪದಂತೆ ಎಡಗೈಯಿಂದ ಕಿಟಕಿಯ ಸರಳು ಹಿಡಿದರು. ಬಲಗೈ ಪೆಟ್ಟಿಗೆಯ ಅಂಚಿನಲ್ಲಿತ್ತು. ಪಟ್ ಎಂಬ ಶಬ್ದವೂ ಬರಲಿಲ್ಲ. ಅವರ ಬೆನ್ನು ಸೆಟೆದುಕೊಂಡಿತು, ಅಷ್ಟೇ. ತೊಡೆಯ ಮೇಲಿದ್ದ ಸೆಲ್ಲು ನೆಲದ ಮೇಲೆ ಉರುಳಿ ಹೋಯಿತು. ಏನೋ ಹುಡುಕುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಗಂಟಲಿನಿಂದ ಒಂದು ಸದ್ದು ಬಂತು. ಅದನ್ನು ಬರೆಯಲು ನನಗೆ ಅಕ್ಷರ ಸಿಗುವುದಿಲ್ಲ.

ನಾನು ಅವರ ಹೆಗಲ ಕಡೆ ಕೈ ಚಾಚಿದೆ. ನಾನೂ ಬರಿಗಾಲಲ್ಲೇ ಇದ್ದೆ. ನಾಲ್ಕು ಬೆರಳು ಅಂತರ ಉಳಿದಿತ್ತು.

"ಮುಟ್ಬ್ಯಾಡ್ರಿ ಮೇಡಂ!"

ಹುಡುಗಿ ಆಗಲೇ ಬಾಗಿಲ ಬಳಿಯಿದ್ದಳು. ಅಲ್ಲಿದ್ದ ಲ್ಯಾಬಿನ ಮೇನ್ ಸ್ವಿಚ್ಚನ್ನು ಎಳೆದಳು. ಉಳಿದ ಪರದೆಗಳೂ ಫ್ಯಾನುಗಳೂ ಒಟ್ಟಿಗೆ ಆರಿದವು. ಅವರು ಪೆಟ್ಟಿಗೆಯ ಮೇಲೆಯೇ ಕುಸಿದರು. ಹುಡುಗಿಯ ಮನೆಯ ಪಂಪ್‌ಸೆಟ್ಟಿನ ಹತ್ತಿರ ದೊಡ್ಡಪ್ಪ ಹೀಗೇ ಹಿಡಿದುಕೊಂಡಿದ್ದರಂತೆ. ಬಿಡಿಸಲು ಹೋದ ಅತ್ತೆಯೂ ಉಳಿಯಲಿಲ್ಲವಂತೆ. ಇದನ್ನು ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ, ಬೇರೆ ಯಾರದ್ದೋ ಸುದ್ದಿ ಹೇಳುವಂತೆ ಹೇಳಿದಳು.

ಸಹಾಯಕರ ಉಸಿರು ನಿಂತಿರಲಿಲ್ಲ. ಆಟೊದಲ್ಲಿ ತಾಲ್ಲೂಕು ಆಸ್ಪತ್ರೆಗೆ ಒಯ್ದೆವು. ಬಲಗೈಯ ಎರಡು ಬೆರಳು ಸುಟ್ಟಿದ್ದವು, ಎದೆಬಡಿತ ಏರುಪೇರಾಗಿತ್ತು, ಎರಡು ದಿನ ನೋಡಬೇಕು ಎಂದರು ಡಾಕ್ಟರು. ಒಂದು ಗಂಟೆಯ ನಂತರ ಪ್ರಾಂಶುಪಾಲರು ಫೋನ್ ಮಾಡಿ, ಪರೀಕ್ಷಕರು ಕಾಯುತ್ತಿದ್ದಾರೆ, ಇನ್ನೊಂದು ಕೋಣೆಯಲ್ಲಿ ಕಚೇರಿಯ ಕಂಪ್ಯೂಟರ್ ಇಟ್ಟಿದ್ದೇವೆ ಎಂದರು. ನಾನು ಹೋದೆ. ಹುಡುಗಿಯೂ ಬಂದಳು. ಆ ಕಂಪ್ಯೂಟರಿನ ಬಯಾಸ್‌ನಲ್ಲೂ ವರ್ಚುವಲೈಸೇಶನ್ ಆಫ್ ಇತ್ತು. ಕೀಬೋರ್ಡಿನ ಪ್ಲಾಸ್ಟಿಕ್ ಮುಟ್ಟಲೂ ಹೆದರುತ್ತ ನಾನೇ ಆನ್ ಮಾಡಿದೆ. ಮೊದಲಿನಿಂದ ಕೊನೆಯವರೆಗೆ ಎರಡು ನಿಮಿಷ. ಪ್ಲಗ್ ಕಿತ್ತು, ಸೆಲ್ಲು ಹಾಕಿ, ಮತ್ತೆ ಸೆಟ್ಟಿಂಗ್ ಮಾಡಿದ್ದರೂ ಅಷ್ಟೇ ಆಗುತ್ತಿತ್ತು. ನಾನು ಉಳಿಸಲು ಹೊರಟದ್ದು ಆ ಎರಡು ನಿಮಿಷವನ್ನು. ಹುಡುಗಿ ತಪ್ಪಿಲ್ಲದೆ ಉತ್ತರ ಹೇಳಿದಳು. ಪರೀಕ್ಷಕರು ಒಳ್ಳೆಯ ಪ್ರಾಜೆಕ್ಟ್ ಎಂದು ಹೊಗಳಿ ಬಸ್ಸು ಹಿಡಿದರು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಕಟ್ಟಡದ ಹಿಂದೆ ಹೋಗಿ ನೋಡಿ ಬಂದರು. ಅರ್ಥಿಂಗ್ ತಂತಿ ತುಕ್ಕು ಹಿಡಿದು ಎಂದೋ ತುಂಡಾಗಿತ್ತು. ಪವರ್ ಸಪ್ಲೈ ಒಳಗಿನ ಕರೆಂಟ್ ಹರಿಯುವ ತಂತಿಯ ಹೊದಿಕೆ ಸವೆದು, ವಾಲಿಸಿದಾಗ ತಗಡಿಗೆ ತಾಗಿತ್ತು. ಅರ್ಥಿಂಗ್ ಸರಿ ಇದ್ದಿದ್ದರೆ ಆ ಕ್ಷಣಕ್ಕೇ ಫ್ಯೂಸ್ ಹೋಗುತ್ತಿತ್ತು, ಮನುಷ್ಯನಿಗೆ ಏನೂ ಆಗುತ್ತಿರಲಿಲ್ಲ ಎಂದರು.

ಪ್ರಾಂಶುಪಾಲರ ವರದಿಯಲ್ಲಿ ಅದು ಇರಲಿಲ್ಲ. "ಪ್ಲಗ್ ತೆಗೆಯದೆ ನಿರ್ಲಕ್ಷ್ಯದಿಂದ ಕೆಲಸ ಮಾಡಿದ್ದರಿಂದ" ಎಂದಿತ್ತು. ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಟೈಪ್ ಆಗಿತ್ತು. ಮುಂದಿನ ವರ್ಷದ ಅತಿಥಿ ಉಪನ್ಯಾಸಕರ ಪಟ್ಟಿ ವರದಿಯಿದ್ದ ಮೇಜಿನ ಮೇಲೇ ಇತ್ತು. ಬೆದರಿಸಲು ಇಟ್ಟದ್ದಲ್ಲ, ಸುಮ್ಮನೆ ಇತ್ತು. ನಾನು ಸಹಿ ಹಾಕಿದೆ. ಓದದೆ ಹಾಕಿದೆ ಎಂದು ಬರೆಯಬಹುದಿತ್ತು. ಓದಿಯೇ ಹಾಕಿದೆ.

ಸಹಾಯಕರನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವರ ಹೆಂಡತಿ ಪಕ್ಕದಲ್ಲಿ ಕೂತು ಎಳನೀರು ಕುಡಿಸುತ್ತಿದ್ದರು. ಕಾಲೇಜಿನವರು ಚಿಕಿತ್ಸೆಯ ಖರ್ಚು ತಮಗೆ ಸೇರಿದ್ದಲ್ಲ ಎನ್ನುತ್ತಿದ್ದಾರೆ, ತಪ್ಪು ಇವರದ್ದೇ ಅಂತೆ ಎಂದು ಆಕೆ ನನಗೆ ಹೇಳಿದರು. ಸಹಾಯಕರು ನನ್ನ ಮುಖ ನೋಡಲಿಲ್ಲ.

"ನಾನೇ ಮರ್ತೆ ಕಣೆ, ಪ್ಲಗ್ ಕೀಳೋದು" ಎಂದರು ಹೆಂಡತಿಗೆ.

ನನ್ನ ಹೆಸರು ಬಾರದಂತೆ ಅವರು ಹಾಸಿಗೆಯ ಮೇಲೂ ಕಾಯುತ್ತಿದ್ದರು. ನಾನು ಎದ್ದು ಹೊರಗೆ ಬಂದೆ. ಬಸ್ಸು ಬಂತು, ಹತ್ತಲಿಲ್ಲ. ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹಾಳೆ ಕೊಂಡು ನಿಂತಲ್ಲೇ ಬರೆದೆ. ಪ್ಲಗ್ ಕೀಳಲು ಅವರು ಕೈ ಚಾಚಿದ್ದು, ನಾನು ಬೇಡವೆಂದದ್ದು, ಅರ್ಥಿಂಗ್ ಇರದಿದ್ದದ್ದು, ಪೆಟ್ಟಿಗೆಗಳು ಜುಮ್ಮೆನ್ನುತ್ತಿದ್ದುದು ನಮಗೆಲ್ಲ ಮೊದಲಿನಿಂದ ಗೊತ್ತಿದ್ದದ್ದು. ನಾನು ಸಹಿ ಹಾಕಿದ ವರದಿ ಸುಳ್ಳು ಎಂದೂ ಬರೆದೆ. ಒಂದು ಪ್ರತಿ ಪ್ರಾಂಶುಪಾಲರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಇನ್ನೊಂದನ್ನು ಆಸ್ಪತ್ರೆಗೆ ಮರಳಿ ಬಂದು ಸಹಾಯಕರ ಹೆಂಡತಿಯ ಕೈಗೆ ಕೊಟ್ಟೆ.

ಆಕೆ ನಿಧಾನವಾಗಿ, ಬೆರಳಿಟ್ಟು ಓದಿದರು. ಗಂಡ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಬಂದಿರಲಿಲ್ಲ.

"ಇದ್ನ ಅವತ್ತೇ ಯಾಕೆ ಬರೀಲಿಲ್ಲ ನೀವು?" ಎಂದು ಆಕೆ ಕೇಳಿದರು.

ಉತ್ತರಕ್ಕೆ ಆಕೆ ಕಾಯಲಿಲ್ಲ. ಹಾಳೆಯನ್ನು ಮಡಚಿ ಬ್ಲೌಸಿನೊಳಗೆ ಇಟ್ಟುಕೊಂಡು, ಗಂಡನ ಕಟ್ಟು ಹಾಕಿದ ಕೈಯನ್ನು ಹಾಸಿಗೆಯ ಕಬ್ಬಿಣದ ಅಂಚಿನಿಂದ ಎತ್ತಿ ಅವರ ಎದೆಯ ಮೇಲೆ ಇಟ್ಟರು.