ವರದಿಯಿಂದ ನಾನು ಬಿಟ್ಟ ಒಂದು ಮಾತು

ಎರಡನೇ ಮಹಾಯುದ್ಧ ಶುರುವಾಗುವುದರ ಹಿಂದಿನ ವರ್ಷ ನಾನು ಶಿಗ್ಗಾವಿಯ ಒಂದು ಹತ್ತಿ ಜಿನ್ನಿನಲ್ಲಿ ಕಾರಕೂನನಾಗಿದ್ದೆ. ಹತ್ತಿಯಿಂದ ಬೀಜ ಬಿಡಿಸುವ ಕಾರಖಾನೆ ಅದು. ಮಾಲಕರಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಮ್ಯಾಟ್ರಿಕ್ ಮುಗಿಸಿದವನೆಂದು ಇಂಗ್ಲಿಷ್ ಕಾಗದಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು.

ಆ ಹಂಗಾಮಿನಲ್ಲಿ ಕಾರಖಾನೆಗಳ ಸರಕಾರಿ ಇನ್‌ಸ್ಪೆಕ್ಟರರು ಬಂದು, ಇಡೀ ಜಿನ್ ತಿರುಗಿ ನೋಡಿ ಹೋದರು. ವಾರದ ಮೇಲೆ ಅವರ ವರದಿ ಟಪಾಲಿನಲ್ಲಿ ಬಂತು, ಏಳು ಪುಟ.

“ತಮ್ಮಾ, ಇದನ್ನ ಕನ್ನಡದಾಗ ಒಂದ ಹಾಳಿ ಮ್ಯಾಲ ಇಳಸು,” ಅಂದರು ಮಾಲಕರು. “ನಮ್ಮ ತಪ್ಪೇನು, ಏನ ದುರಸ್ತಿ ಮಾಡಬೇಕು, ಯಾವಾಗಿನ ಒಳಗ ಮಾಡಬೇಕು. ಅಷ್ಟ ಸಾಕು.”

ನಾನು ಗೆರೆ ಹೊಡೆದು ಮೂರು ಕಾಲಂ ಮಾಡಿದೆ. ಕೂಲಿ ಜನರಿಗೆ ಕುಡಿಯುವ ನೀರು ನೆರಳಿನಲ್ಲಿಲ್ಲ. ವ್ಯವಸ್ಥೆಗೆ ಎಂಟು ದಿನ. ಕಾರಖಾನೆ ಕಾಯಿದೆಯ ಸಾರಾಂಶ ಕನ್ನಡದಲ್ಲಿ ಗೋಡೆಗೆ ಹಚ್ಚಿಲ್ಲ. ಅದಕ್ಕೂ ಎಂಟು ದಿನ. ಬೆಂಕಿ ಬಿದ್ದರೆ ಓಡಿಹೋಗಬೇಕಾದ ಬಾಗಿಲುಗಳು ಒಳಮುಖವಾಗಿ ತೆರೆಯುತ್ತವೆ. ಹೊರಮುಖ ಮಾಡಲು ಒಂದು ತಿಂಗಳು.

ಐದನೇ ಪುಟದಲ್ಲಿ ಶಾಫ್ಟಿನ ಓಣಿಯ ಮಾತಿತ್ತು. ಜಿನ್ ಯಂತ್ರಗಳ ಕೆಳಗೆ ಉದ್ದಕ್ಕೂ ಒಂದು ಕಬ್ಬಿಣದ ದಂಡ ತಿರುಗುತ್ತಿತ್ತು, ಅದೇ ಶಾಫ್ಟು. ಅದಕ್ಕೆ ಸುತ್ತಿದ ಚರ್ಮದ ಪಟ್ಟಾಗಳು ಎಲ್ಲ ಯಂತ್ರಗಳನ್ನೂ ಓಡಿಸುತ್ತಿದ್ದವು. ಪಕ್ಕದ ಇಕ್ಕಟ್ಟಾದ ಓಣಿಯಲ್ಲಿ ಉದುರಿದ ಬೀಜವನ್ನು ಹೆಣ್ಣುಮಕ್ಕಳು ಬಾಚಿ ತೆಗೆಯುತ್ತಿದ್ದರು. ದಂಡಕ್ಕೂ ಪಟ್ಟಾಗಳಿಗೂ ಒಂದು ತಿಂಗಳೊಳಗೆ ಅಡ್ಡಲಾಗಿ ಗಟ್ಟಿ ಕಬ್ಬಿಣದ ಜಾಳಿಗೆ ಕೂಡಿಸಬೇಕೆಂದು ವರದಿಯಲ್ಲಿತ್ತು. ಅದರ ಕೆಳಗೇ ಇನ್ನೊಂದು ವಾಕ್ಯ: ಓಣಿಯ ಬಾಗಿಲಿಗೆ ಕೂಡಲೇ ಕೀಲಿ ಹಾಕಬೇಕು, ಎಂಜಿನ್ ನಡೆದಿರುವಾಗ ಯಾರನ್ನೂ ಒಳಗೆ ಬಿಡಬಾರದು.

ಎರಡೂ ಒಂದೇ ಜಾಗದ ಕೆಲಸ. ಹಾಳಿಯಲ್ಲಿ ಸ್ಥಳ ಕಡಿಮೆಯಿತ್ತು. ನಾನು ಬರೆದೆ: “ಶಾಫ್ಟಿನ ಓಣಿಗೆ ಜಾಳಿಗೆ ಮತ್ತು ಕೀಲಿ. ಒಂದು ತಿಂಗಳು.”

“ಚೊಲೋ ಬರದಿ,” ಅಂದರು ಮಾಲಕರು. ಮರುದಿನವೇ ನೀರಿನ ಹರವಿಗಳು ಬೇವಿನ ಗಿಡದ ಕೆಳಗೆ ಬಂದವು. ತಡಸದಿಂದ ಬಡಿಗ ಬಂದು ಬಾಗಿಲುಗಳನ್ನು ಬಿಚ್ಚಿದ. ಕಮ್ಮಾರ ಜಾಳಿಗೆಯ ಅಳತೆ ತೆಗೆದುಕೊಂಡು ಹೋದ. ಗಡುವಿಗೆ ಮೊದಲೇ ಎಲ್ಲ ಮುಗಿಸಬೇಕೆಂದು ಮಾಲಕರಿಗೆ ಹಟವಿತ್ತು.

ವರದಿ ಬಂದ ಹದಿನಾರನೇ ದಿನ ಮಧ್ಯಾಹ್ನ, ಬೀಜ ಬಾಚಲು ಹೋದ ಹುಲಗೂರಿನ ಹೆಣ್ಣುಮಗಳ ಸೀರೆಯ ಸೆರಗು ದಂಡಕ್ಕೆ ಸುತ್ತಿಕೊಂಡಿತು. ಮೇಲೆ ಹತ್ತಿ ಹಾಕುತ್ತಿದ್ದ ಅವಳ ಅಕ್ಕನ ಚೀರಾಟ ಕೇಳಿ ಎಂಜಿನ್ ನಿಲ್ಲಿಸಿದರು. ಅಷ್ಟರಲ್ಲಿ ಜೀವ ಹೋಗಿತ್ತು. ನಾನು ಓಣಿಯ ಬಾಗಿಲತನಕ ಹೋದೆ, ಒಳಗೆ ಕಾಲಿಡಲಾಗಲಿಲ್ಲ.

ಸಾವಿನ ಸುದ್ದಿ ಸರಕಾರಕ್ಕೆ ತಿಳಿಸಿದ ಮೇಲೆ ಇನ್‌ಸ್ಪೆಕ್ಟರರು ತಿರುಗಿ ಬಂದರು. “ಬಾಗಿಲಿಗೆ ಕೀಲಿ ಯಾಕೆ ಹಾಕಿರಲಿಲ್ಲ?”

“ಇನ್ನಾ ಗಡುವು ಐತೆಲ್ರೀ ಸಾಹೇಬ್ರ,” ಅನ್ನುತ್ತ ಮಾಲಕರು ನನ್ನ ಹಾಳಿ ತೆಗೆದರು. ಇನ್‌ಸ್ಪೆಕ್ಟರರು ವರದಿಯ ಐದನೇ ಪುಟ ತೆರೆದು ಆ ವಾಕ್ಯವನ್ನು ಕನ್ನಡದಲ್ಲಿ ಹೇಳಿದರು. ‘ಕೂಡಲೇ’ ಅನ್ನುವಲ್ಲಿ ಮಾಲಕರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಹಾಳಿಯನ್ನು ಮಡಚಿ ಕೋಟಿನ ಕಿಸೆಗೆ ಹಾಕಿಕೊಂಡು ಅಂದರು: “ತಪ್ಪಾತ್ರಿ. ಕಾರಖಾನಿ ನಂದು.”

ಖಟ್ಲೆಯಲ್ಲೂ ಅವರು ತಪ್ಪು ಒಪ್ಪಿಕೊಂಡರು. ನನ್ನ ಹೆಸರು ಎಲ್ಲೂ ಬರಲಿಲ್ಲ.

“ಸಾವ್ಕಾರ್ರ, ಕೊಂದಾಂವ ನಾನ್ರಿ,” ಅಂದೆ ಒಂದು ದಿನ, ತಡೆಯಲಾಗದೆ.

ಅವರು ಓಣಿಯ ಬಾಗಿಲಿನ ಕಡೆ ಕೈ ತೋರಿಸಿದರು. “ನೀ ಬರೀಲಿಲ್ಲ, ಖರೆ. ಆದ್ರ ದಿನಾ ಆ ಬಾಗಲದ ಮುಂದ ಹಾದು ಹೋಗಾಂವ ನಾನು. ಕೀಲಿ ಹಾಕಾಕ ಕಾಗದ ಬೇಕಿತ್ತೇನು?”

ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಹಂಗಾಮು ಮುಗಿದ ಮೇಲೆ ಹುಲಗೂರಿಗೆ ಹೋದೆ. ಸತ್ತವಳ ಅಕ್ಕ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿದೆ. ಮೊರ ಕೆಳಗಿಟ್ಟು ಕೇಳಿದಳು: “ಆ ಇಂಗ್ಲಿಷ್ ಕಾಗದದಾಗ ಇದ್ದದ್ದು ಅಷ್ಟನ್ರಿ? ಬಾಗಲಾ ಹಾಕ್ರಿ ಅಂತ?”

“ಹೌದವ್ವ.”

“ಅದನ್ನ ನಾವೆಲ್ಲಾರೂ ಹೇಳ್ತಿದ್ವೆಲ್ರಿ. ಒಳಗ ಹೋಗಾಕ ಅಂಜಿಕಿ ಬರ್ತೈತಿ ಅಂತ ನಿಮ್ಮ ಮುಂದೂ ಹೇಳಿದ್ಲು ನಮ್ಮ ತಂಗಿ.”

ಹೇಳಿದ್ದಿರಬೇಕು. ಎಷ್ಟು ನೆನೆಸಿಕೊಂಡರೂ ನನಗೆ ಅದು ನೆನಪಾಗಲಿಲ್ಲ, ಇವತ್ತಿಗೂ ಆಗಿಲ್ಲ. ಒಳಗಿನಿಂದ ಸತ್ತವಳ ಮಗಳು ಕರೆದಳು. ಅಕ್ಕ ಎದ್ದು ಹೋದಳು. ನಾನು ಶಿಗ್ಗಾವಿಯ ದಾರಿ ಹಿಡಿದೆ.