ವಿಳಾಸದಕ್ಕನಿಗೆ ಸಿಕ್ಕ ಫೋಟೊ

ನಮ್ಮ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ವಿಳಾಸದಕ್ಕ ಎಂದೇ. ಗುರುತು ಪರಿಚಯವಿಲ್ಲದೆ ಬಂದು ಬೀಳುವ ರೋಗಿಗಳ ಮನೆಯವರನ್ನು ಹುಡುಕುವುದು ಅವಳ ಕೆಲಸ. ಒಂದು ಬಸ್ ಟಿಕೆಟ್ಟೋ ಕಾಲರಿನ ಮೇಲಿನ ದರ್ಜಿಯ ಗುರುತೋ ಸಿಕ್ಕರೆ ಮುಗಿಯಿತು, ಹಿಡಿದ ಪಟ್ಟು ಬಿಡುವವಳಲ್ಲ. ಅವಳ ಕಾಟ ತಡೆಯಲಾರದೆ ದೊಡ್ಡ ಡಾಕ್ಟರೂ ಫೋನು ತಿರುಗಿಸಿದ್ದುಂಟು. ಅವಳು ಸೋತಿದ್ದನ್ನು ವಾರ್ಡಿನ ನರ್ಸಾದ ನಾನು ನೋಡಿದ್ದು ಒಂದೇ ಸಲ.

ಪಾರ್ಶ್ವವಾಯು ಹೊಡೆದ ಮುದುಕರೊಬ್ಬರನ್ನು ಯಾರೋ ರಸ್ತೆಯಿಂದ ಎತ್ತಿ ತಂದಿದ್ದರು. ಮಾತು ಪೂರ್ತಿ ನಿಂತಿತ್ತು, ಬರೆಯಲೂ ಆಗುತ್ತಿರಲಿಲ್ಲ. ಪರ್ಸಿನಲ್ಲಿದ್ದದ್ದು ಮೂಲೆ ಮಡಿಸಿಹೋದ ಒಂದು ಫೋಟೊ: ಸೈಕಲ್ ಹಿಡಿದು ನಗುತ್ತ ನಿಂತ ಹೆಂಗಸು. "ಮಗಳಾ, ಅಪ್ಪಾ?" ಎಂದು ವಿಳಾಸದಕ್ಕ ಕೇಳಿದರೆ ಹೌದೆಂದು ತಲೆಯಾಡಿಸಿ ಅತ್ತರು. ಹೃದಯವೂ ಸೋಲುತ್ತಿದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಡಾಕ್ಟರು. ಅಷ್ಟರೊಳಗೆ ಮಗಳ ಮುಖ ತೋರಿಸಲೇಬೇಕೆಂದು ಇವಳು ಟೊಂಕ ಕಟ್ಟಿ ನಿಂತಳು.

ಆ ಫೋಟೊವನ್ನು ಮೊಬೈಲಿನಲ್ಲಿ ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಿಸಿದಳು. ಸೈಕಲ್ ಹಿಡಿದ ಹೆಂಗಸರ ದೊಡ್ಡ ಸೈನ್ಯವೇ ಬಂತು. ಫೋಟೊದವಳು ಮಾತ್ರ ಇಲ್ಲ. ದಾಖಲೆ ಕೋಣೆಯ ಕಂಪ್ಯೂಟರಿನವನ ಮೇಲೆ, ಆ ಯಂತ್ರವನ್ನು ಹೆತ್ತವನೇ ಅವನೆಂಬಂತೆ ಹರಿಹಾಯ್ದಳು.

"ಇಷ್ಟು ಜನ ಸಿಗ್ತಾರೆ, ಇವಳೊಬ್ಬಳು ಯಾಕೋ ಸಿಗಲ್ಲ?"

"ಅಕ್ಕಾ, ಅದು ಮನುಷ್ಯರನ್ನ ಹುಡುಕಲ್ಲ. ಈ ಫೋಟೊದ ಬಣ್ಣ, ಗೆರೆ, ಆಕಾರ ಎಲ್ಲಾ ಅಂಕಿ ಮಾಡ್ಕೊಳ್ಳತ್ತೆ. ಎಲ್ಲರಿಗೂ ಕಾಣೋ ಹಾಗೆ ಇಂಟರ್ನೆಟ್ಟಲ್ಲಿರೋ ಫೋಟೊಗಳಿಗೂ ಮೊದಲೇ ಹಾಗೇ ಅಂಕಿ ಮಾಡಿಟ್ಟಿರತ್ತೆ. ಎರಡನ್ನೂ ತಾಳೆ ನೋಡತ್ತೆ, ಅಷ್ಟೇ. ಇದು ಅಲ್ಲಿಗೆ ಹೋಗೇ ಇಲ್ಲ ಅಂದ್ರೆ, ಇದರ ಥರ ಕಾಣೋದನ್ನ ತಂದು ಮುಂದೆ ಸುರಿಯತ್ತೆ."

"ಮತ್ತೆ ಮಗಳ ಮನೆ ಆಲ್ಬಮ್ಮಲ್ಲಿ ಇದ್ರೆ? ಅವಳ ಫೋನಲ್ಲಿ ಇದ್ರೆ?"

"ಅದೆಲ್ಲ ಅದಕ್ಕೆ ಕಾಣಲ್ಲ ಅಕ್ಕಾ."

ವಿಳಾಸದಕ್ಕ ಸುಮ್ಮನಿರುವ ಪೈಕಿಯಲ್ಲ. ಮೇಲಿನವರ ಒಪ್ಪಿಗೆ ಪಡೆದು, ಬಲ್ಲವರು ತಿಳಿಸಿ ಎಂದು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಆ ಫೋಟೊ ಹಾಕಿಸಿದಳು. ಒಂದು ನರಪಿಳ್ಳೆಯೂ ಫೋನು ಮಾಡಲಿಲ್ಲ. ಆದರೂ ದಿನಾ ಬೆಳಿಗ್ಗೆ ಮುದುಕರ ಮಂಚದ ಪಕ್ಕ ಕೂತು ಮತ್ತೆ ಹುಡುಕುತ್ತಿದ್ದಳು.

ಒಂದು ಬೆಳಿಗ್ಗೆ ಮೊದಲನೆಯದಾಗಿ ಬಂದದ್ದು ಅದೇ ಫೋಟೊ. ಅದೇ ಸೈಕಲ್, ಅದೇ ನಗು.

"ಸಿಕ್ಕಿದ್ಳು ಅಪ್ಪಾ! ನಿಮ್ಮ ಮಗಳು ಸಿಕ್ಕಿದ್ಳು!"

ಇಡೀ ವಾರ್ಡು ಎದ್ದು ಕೂತಿತು. ಮುದುಕರು ಆಡುತ್ತಿದ್ದ ಒಂದು ಕೈಯಿಂದ ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. ಅವಳು ಫೋಟೊ ಒತ್ತಿದಳು. ತೆರೆದುಕೊಂಡದ್ದು ನಮ್ಮ ಆಸ್ಪತ್ರೆಯದೇ ಪುಟ. ಅವಳೇ ಹಾಕಿಸಿದ್ದ ಫೋಟೊ, ಮಡಿಸಿಹೋದ ಮೂಲೆಯ ಸಮೇತ. ಇಡೀ ಇಂಟರ್ನೆಟ್ಟಿನಲ್ಲಿ ಇದ್ದದ್ದು ಅದೊಂದೇ.

ಮಗಳು ಸಿಕ್ಕಿಲ್ಲವೆಂದು ಹೇಳಿಬಿಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಮುದುಕರು ಅವಳ ಕೈ ಬಿಟ್ಟು, ತಮ್ಮ ಕೆದರಿದ ಕೂದಲು ಮುಟ್ಟಿ, ಬಾಚು ಎಂದು ಸನ್ನೆ ಮಾಡಿದರು. ಆಮೇಲೆ ಬಾಗಿಲ ಕಡೆ ನೋಡಿದರು.

ವಿಳಾಸದಕ್ಕ ಬಾಚಣಿಗೆ ತಂದು ಬಾಚತೊಡಗಿದಳು.